ಅಪ್ಪ ಅಮ್ಮನಿಗಾಗಿ ಮೂರು ನಿಮಿಷದ ಮಾತು

ಎಲ್ಲರಿಗೂ ನಮಸ್ಕಾರ.

ಅಪ್ಪ ಅಮ್ಮನ ಮದುವೆಯ ವಾರ್ಷಿಕೋತ್ಸವ. ನೆಂಟರು, ಗೆಳೆಯರು ಸೇರಿರುತ್ತಾರೆ. ಮಕ್ಕಳಲ್ಲಿ ಒಬ್ಬರು ಎದ್ದು ನಿಂತು ನಾಲ್ಕು ಮಾತಾಡುತ್ತಾರೆ, ಕೊನೆಗೆ ಎಲ್ಲರೂ ಲೋಟ ಎತ್ತಿ ಹಾರೈಸುತ್ತಾರೆ. ಇದಕ್ಕೆ ಟೋಸ್ಟ್ ಅನ್ನುತ್ತೇವೆ. ಇವತ್ತು ನಾನು ಅದರಲ್ಲಿ ಒಂದೇ ಬಗೆಯನ್ನು ತೆಗೆದುಕೊಳ್ಳುತ್ತೇನೆ. ಜೊತೆಯಾಗಿ ಬಾಳುವುದರ ಬಗ್ಗೆ ಒಂದು ಚಿಕ್ಕ ನುಡಿಯನ್ನು ಆರಿಸಿಕೊಂಡು, ಅದರ ಸುತ್ತ ಕಟ್ಟುವ ಟೋಸ್ಟ್ ಅದು.

ಈ ಬಗೆ ಸುಲಭ ಅಂತ ಜನ ಅಂದುಕೊಳ್ಳುತ್ತಾರೆ. ಒಂದು ಒಳ್ಳೆಯ ನುಡಿ ಹುಡುಕಿ, ಮೊದಲ ಸಾಲಿಗೆ ಹಾಕಿಬಿಟ್ಟರೆ ಅರ್ಧ ಕೆಲಸ ಮುಗಿಯಿತು ಅಂತ. ನಾನು ಕೇಳಿದ, ತಿದ್ದಿಕೊಟ್ಟ ಎಷ್ಟೋ ಟೋಸ್ಟ್‌ಗಳು ಸಪ್ಪೆಯಾಗಿದ್ದದ್ದು ಇಲ್ಲೇ. ನುಡಿ ಒಂದು ಕಡೆ ನಿಂತಿರುತ್ತದೆ, ಅಪ್ಪ ಅಮ್ಮ ಇನ್ನೊಂದು ಕಡೆ.

ಒಂದು ಉದಾಹರಣೆಯನ್ನೇ ಮೊದಲಿನಿಂದ ಕೊನೆಯವರೆಗೆ ನೋಡೋಣ. ಅಪ್ಪ ಅಮ್ಮನ ಮದುವೆಗೆ 40 ವರ್ಷ ತುಂಬುವ ಹೊತ್ತಿಗೆ ಒಬ್ಬ ಮಗಳು ನನ್ನ ಹತ್ತಿರ ಒಂದು ಕರಡು ತಂದಿದ್ದರು. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಮಗಳು ಅಂತಲೇ ಕರೆಯುತ್ತೇನೆ.

ಕರಡು ಹೀಗೆ ಶುರುವಾಗುತ್ತಿತ್ತು: "ನನ್ನ ಹಿಂದೆ ನಡೆಯಬೇಡ, ನನ್ನ ಮುಂದೆ ನಡೆಯಬೇಡ, ನನ್ನ ಪಕ್ಕದಲ್ಲಿ ನಡೆ, ಗೆಳೆಯನಾಗಿರು ಎಂದು ಆಲ್ಬರ್ಟ್ ಕಾಮೂ ಹೇಳಿದ್ದಾನೆ." ಅದಾದ ಮೇಲೆ ಅಪ್ಪ ಕಷ್ಟಪಟ್ಟು ದುಡಿದದ್ದು, ಅಮ್ಮ ನಿದ್ದೆಗೆಟ್ಟು ಓದಿಸಿದ್ದು, ತನಗೂ ತಮ್ಮನಿಗೂ ಯಾವುದಕ್ಕೂ ಕಡಿಮೆ ಮಾಡದೆ ಬೆಳೆಸಿದ್ದು. ಕೊನೆಗೆ "ನೂರು ಕಾಲ ಹೀಗೇ ಬಾಳಿ".

ಅಪ್ಪ ಅಮ್ಮನ ಬಗ್ಗೆ ಹೇಳಿದ್ದರಲ್ಲಿ ಸುಳ್ಳು ಒಂದೂ ಇಲ್ಲ. ಪ್ರೀತಿ ಬೇಕಾದಷ್ಟಿದೆ. ಆದರೂ ಇದು ಮದುವೆಯ ವಾರ್ಷಿಕೋತ್ಸವದ ಮಾತಾಗಲಿಲ್ಲ. ಏಕೆ ಅಂದರೆ, ಇದರೊಳಗೆ ಗಂಡ ಹೆಂಡತಿ ಇಲ್ಲ. ತಂದೆ ಇದ್ದಾರೆ, ತಾಯಿ ಇದ್ದಾರೆ, ಇಬ್ಬರೂ ಮಕ್ಕಳ ಕಡೆ ಮುಖ ಮಾಡಿ ನಿಂತಿದ್ದಾರೆ. ಒಬ್ಬರಿಗೊಬ್ಬರು ಏನಾಗಿದ್ದರು ಅನ್ನುವುದು ಬಂದೇ ಇಲ್ಲ. ಮಕ್ಕಳು ಬರೆಯುವಾಗ ಹೀಗಾಗುವುದು ಸಹಜ. ನಮಗೆ ಅವರು ಗೊತ್ತಿರುವುದೇ ಅಪ್ಪ ಅಮ್ಮನಾಗಿ. ನಾವು ಹುಟ್ಟುವ ಮುಂಚೆ, ನಾವು ಮಲಗಿದ ಮೇಲೆ, ನಾವು ಮನೆ ಬಿಟ್ಟು ಹೋದ ಮೇಲೆ ಅವರಿಬ್ಬರ ನಡುವೆ ಏನು ನಡೆಯಿತು ಅಂತ ನಾವು ಕೇಳಿಯೇ ಇರುವುದಿಲ್ಲ. ಆದರೆ ಆ ದಿನ ಹಬ್ಬ ಮಾಡುವುದು ಅದಕ್ಕೇ ಅಲ್ವಾ?

ನಿಮ್ಮ ಕರಡನ್ನು ಪರೀಕ್ಷಿಸುವುದು ಕಷ್ಟವಲ್ಲ. ಒಂದು ಪೆನ್ನು ಹಿಡಿದು "ನನ್ನನ್ನು", "ನಮಗೆ", "ನಮಗಾಗಿ" ಅಂತ ಇರುವ ಕಡೆಯೆಲ್ಲ ಗೆರೆ ಎಳೆಯಿರಿ. ಅರ್ಧಕ್ಕಿಂತ ಜಾಸ್ತಿ ಸಾಲುಗಳಿಗೆ ಗೆರೆ ಬಿದ್ದರೆ ನೀವು ಬರೆದಿರುವುದು ಧನ್ಯವಾದ. ಅದನ್ನು ಒಂದು ಪತ್ರವಾಗಿ ಬರೆದು ಅವರ ಕೈಗೆ ಕೊಡಿ, ಅದಕ್ಕೆ ಅಲ್ಲಿ ಹೆಚ್ಚು ಬೆಲೆ ಇದೆ. ಎಲ್ಲರ ಮುಂದೆ ಆಡುವ ಮಾತು ಬೇರೆ.

ಇನ್ನು ಆ ನುಡಿ. ಅದು ಫ್ರೆಂಚ್ ಲೇಖಕ ಕಾಮೂ ಹೆಸರಿನಲ್ಲಿ ಎಲ್ಲೆಲ್ಲೂ ಓಡಾಡುತ್ತದೆ, ಆದರೆ ಅವನ ಬರಹಗಳಲ್ಲಿ ಅದು ಯಾರಿಗೂ ಸಿಕ್ಕಿಲ್ಲ. ಸೇರಿದವರಲ್ಲಿ ಒಬ್ಬರಿಗೆ ಅದು ಗೊತ್ತಿದ್ದರೆ ಸಾಕು, ಮುಜುಗರವಾಗುತ್ತದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ತೊಂದರೆ ಇನ್ನೊಂದು. ಅದು ಯಾವ ಜೋಡಿಗೆ ಬೇಕಾದರೂ ಹೊಂದುತ್ತದೆ. ಹಾಗೆ ಎಲ್ಲರಿಗೂ ಹೊಂದುವ ನುಡಿ ಈ ಇಬ್ಬರ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹಾಗಾಗಿ ನುಡಿಯನ್ನು ಬದಿಗಿಡಿ, ಮೊದಲು ಘಟನೆ ಹುಡುಕಿ ಅಂದೆ. ಅಪ್ಪ ಅಮ್ಮ ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಬೇಕು. ಒಟ್ಟಿಗೆ ಕೇಳಿದರೆ ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ತಿದ್ದುತ್ತಾರೆ, ಕಥೆ ಅಲ್ಲಿಗೇ ನಿಲ್ಲುತ್ತದೆ. "ನಿಮ್ಮ ದಾಂಪತ್ಯದ ಗುಟ್ಟೇನು" ಅಂತ ಕೇಳಿದರೆ "ಹೊಂದಾಣಿಕೆ" ಅನ್ನುತ್ತಾರೆ, ಅದರಿಂದ ಏನೂ ಸಿಗುವುದಿಲ್ಲ. ಚಿಕ್ಕದಾಗಿ ಕೇಳಬೇಕು. ಮನೆಯಲ್ಲಿ ನೀವಿಬ್ಬರೇ ಇದ್ದಾಗ ಸಂಜೆ ಏನು ಮಾಡುತ್ತೀರಿ? ಅವರು ಊರಲ್ಲಿ ಇಲ್ಲದಿದ್ದರೆ ಯಾವ ಹೊತ್ತಿನಲ್ಲಿ ಗೊತ್ತಾಗುತ್ತದೆ? ಯಾವ ಕೆಲಸವನ್ನು ನೀವು ಯಾವತ್ತೂ ಮಾಡಬೇಕಾಗಿ ಬಂದಿಲ್ಲ, ಅವರೇ ಮಾಡುತ್ತಾರೆ ಅಂತ? ಈ ಎರಡನೇ ಪ್ರಶ್ನೆಯನ್ನು ನಾನು ತುಂಬಾ ನೆಚ್ಚಿಕೊಂಡಿದ್ದೇನೆ. ಅದಕ್ಕೆ ಜನ ಒಂದು ಹೊತ್ತು, ಒಂದು ಜಾಗ, ಒಂದು ಸದ್ದನ್ನು ಹೇಳುತ್ತಾರೆ.

ಮಗಳು ಕೇಳಿಕೊಂಡು ಬಂದದ್ದು ಇದು. ಕೆಲವು ವರ್ಷದ ಹಿಂದೆ ಅಪ್ಪನ ಮಂಡಿಗೆ ಶಸ್ತ್ರಚಿಕಿತ್ಸೆ ಆಗಿತ್ತು. ದಿನಾ ನಡೆಯಲೇಬೇಕು ಅಂತ ಡಾಕ್ಟರ್ ಹೇಳಿದ್ದರು. ಅಪ್ಪನಿಗೆ ನೋವು, ಬೇಸರ, ಮನೆ ಬಾಗಿಲಿನಿಂದ ಎರಡನೇ ಲೈಟ್ ಕಂಬಕ್ಕೆ ಹೋಗಿ ವಾಪಸ್ ಬಂದುಬಿಡುತ್ತಿದ್ದರು. ಅಮ್ಮ ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ತಾವೂ ಜೊತೆಗೆ ಹೊರಟು ಒಂದು ಕಥೆ ಶುರು ಮಾಡುತ್ತಿದ್ದರು. ಯಾರದೋ ಮನೆಯ ವಿಷಯ, ಹಳೆಯ ಕಚೇರಿಯ ಜಗಳ, ತಮ್ಮ ಚಿಕ್ಕಂದಿನ ಯಾವುದೋ ಪ್ರಸಂಗ. ಕಥೆ ಬಿಸಿಯಾಗುವ ಹೊತ್ತಿಗೆ ಕಂಬ ಬರುತ್ತಿತ್ತು. ಅಮ್ಮ ಅಲ್ಲಿ ಬಾಯಿ ಮುಚ್ಚಿಬಿಡುತ್ತಿದ್ದರು. "ಮಿಕ್ಕಿದ್ದು ಮುಂದಿನ ಕಂಬಕ್ಕೆ." ಹೀಗೆ ಕಂಬದಿಂದ ಕಂಬಕ್ಕೆ ಅಪ್ಪನ ನಡಿಗೆ ಬೆಳೆಯಿತು.

ಇದನ್ನು ಹೇಳಿದ್ದು ಅಪ್ಪ. ಅಮ್ಮನನ್ನು ಕೇಳಿದರೆ "ಅಯ್ಯೋ, ಸುಮ್ನೆ ಮಾತಾಡ್ತಾ ಹೋಗ್ತಿದ್ದೆ ಅಷ್ಟೇ" ಅಂದರಂತೆ. ಒಬ್ಬರು ಮರೆತಿರುವುದನ್ನು ಇನ್ನೊಬ್ಬರು ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದರೆ, ಟೋಸ್ಟ್‌ಗೆ ಬೇಕಾದ ಘಟನೆ ಸಿಕ್ಕಿತು ಅಂತಲೇ ಅರ್ಥ.

ಈಗ ನುಡಿ ಹುಡುಕುವುದು ಹಗುರವಾಯಿತು. ನಡಿಗೆ ಇದೆ, ಮಾತಿದೆ, ಜೊತೆ ಇದೆ. ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ ರೋಮ್‌ನಲ್ಲಿ ಪಬ್ಲಿಲಿಯಸ್ ಸೈರಸ್ ಅಂತ ಒಬ್ಬ ನಾಟಕಕಾರ ಇದ್ದ. ಗುಲಾಮನಾಗಿ ಬಂದು, ಬಿಡುಗಡೆಯಾಗಿ, ನಾಟಕ ಬರೆದು ತಾನೇ ಆಡಿದವನು. ನಾಟಕಗಳು ಉಳಿದಿಲ್ಲ, ಅದರೊಳಗಿನ ಒಂದೊಂದು ಸಾಲಿನ ನುಡಿಗಳು ಉಳಿದಿವೆ. ಅದರಲ್ಲಿ ಒಂದು ಹೀಗಿದೆ: ಮಾತು ಬಲ್ಲ ಜೊತೆಗಾರ ಇದ್ದರೆ, ದಾರಿಯಲ್ಲಿ ಬಂಡಿ ಇದ್ದ ಹಾಗೆ. ಇದರ ಮೂಲ ಗಟ್ಟಿಯಾಗಿದೆ. 2ನೇ ಶತಮಾನದ ಲೇಖಕ ಔಲಸ್ ಗೆಲಿಯಸ್ ಅವನ ಹೆಸರು ಹೇಳಿಯೇ ಈ ಸಾಲನ್ನು ಬರೆದಿಟ್ಟಿದ್ದಾನೆ. ಹಾಗಾಗಿ ಧೈರ್ಯವಾಗಿ ಹೇಳಬಹುದು.

ನುಡಿ ಚಿಕ್ಕದು, ಒಂದೇ ಉಸಿರಿಗೆ ಮುಗಿಯುತ್ತದೆ. ಅದರಲ್ಲಿ ಕಣ್ಣಿಗೆ ಕಾಣುವ ಒಂದು ವಸ್ತು ಇದೆ. ಕೇಳುವವರು ಓದುತ್ತಿರುವುದಿಲ್ಲ, ತಿರುಗಿ ನೋಡುವ ಅವಕಾಶ ಅವರಿಗಿಲ್ಲ. "ಪ್ರೀತಿ", "ವಿಶ್ವಾಸ", "ಬಾಂಧವ್ಯ" ಅಂತ ಮೂರು ದೊಡ್ಡ ಮಾತು ಇರುವ ನುಡಿ ಕಿವಿಗೆ ಬಿದ್ದು ಜಾರಿ ಹೋಗುತ್ತದೆ. ಬಂಡಿ ಉಳಿಯುತ್ತದೆ.

ಆದರೆ ಇಲ್ಲೇ ಒಂದು ತೊಡಕು ಬಂತು, ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಈ ನುಡಿ ಮಾತಾಡುವವರನ್ನು ಹೊಗಳುತ್ತದೆ. ಅಂದರೆ ಅಮ್ಮನನ್ನು. ಅಪ್ಪ ಏನಾದರು? ನೋವಿನ ಕಾಲಿನವರು, ಎಳೆದುಕೊಂಡು ಹೋಗಿಸಿಕೊಂಡವರು. ಹೀಗೇ ಹೇಳಿದರೆ ಅಮ್ಮನಿಗೆ ಚಪ್ಪಾಳೆ, ಅಪ್ಪನಿಗೆ ಕನಿಕರ. ಅಮ್ಮ ಕೂಡ ಇದನ್ನು ಇಷ್ಟಪಡುವುದಿಲ್ಲ. ದಂಪತಿಗಳ ಟೋಸ್ಟ್‌ನಲ್ಲಿ ನಾನು ಅತಿ ಹೆಚ್ಚು ಕಂಡಿರುವ ತಪ್ಪು ಇದು. ಒಬ್ಬರು ಕೊಡುವವರು, ಒಬ್ಬರು ಪಡೆಯುವವರು ಆಗಿಬಿಡುತ್ತಾರೆ. "ಅಮ್ಮ ತ್ಯಾಗಮಯಿ" ಅಂದಾಗಲೂ ಇದೇ ಆಗುತ್ತದೆ. ಆ ತ್ಯಾಗ ಯಾರಿಗಾಗಿ ಮಾಡಿದ್ದು ಅಂತ ಸೇರಿದವರೆಲ್ಲ ಅಪ್ಪನ ಮುಖ ನೋಡುತ್ತಾರೆ.

ಇದು ಆಗಿದೆಯೋ ಇಲ್ಲವೋ ತಿಳಿಯಲು ಕರಡಿನಲ್ಲಿ ಅಪ್ಪ ಮಾಡಿದ ಕೆಲಸಗಳ ಕ್ರಿಯಾಪದಗಳನ್ನು ಒಂದು ಕಡೆ, ಅಮ್ಮನದನ್ನು ಇನ್ನೊಂದು ಕಡೆ ಬರೆದು ನೋಡಿ. ಮಗಳ ಎರಡನೇ ಕರಡಿನಲ್ಲಿ ಅಮ್ಮನ ಪಟ್ಟಿ ತುಂಬಿತ್ತು: ಹೊರಟರು, ಹೇಳಿದರು, ನಿಲ್ಲಿಸಿದರು, ನಕ್ಕರು. ಅಪ್ಪನ ಪಟ್ಟಿಯಲ್ಲಿ "ನಡೆದರು" ಒಂದೇ ಇತ್ತು, ಅದೂ ಒಲ್ಲದ ಮನಸ್ಸಿನಿಂದ.

ಹೊಸ ನುಡಿ ಹುಡುಕುತ್ತೇನೆ ಅಂದರು. ಬೇಡ, ಅಪ್ಪ ನಡೆಯುವಾಗ ಏನು ಮಾಡುತ್ತಿದ್ದರು ಅಂತ ಅಮ್ಮನನ್ನು ಮತ್ತೆ ಕೇಳಿ ಅಂದೆ. ಅಮ್ಮ ಸ್ವಲ್ಪ ಯೋಚಿಸಿ ಹೇಳಿದರಂತೆ: "ಅವರು ಏನು ಮಾತಾಡ್ತಾರೆ? 'ಆಮೇಲೆ?' ಅಂತಾರೆ. ಮಾರನೇ ದಿನ ಎಲ್ಲಿ ಬಿಟ್ಟಿದ್ದೆ ಅಂತ ನನಗೇ ನೆನಪಿರ್ತಿರಲಿಲ್ಲ, ಅವರಿಗೆ ಇರ್ತಿತ್ತು. ಅಷ್ಟು ಗಮನ ಇಟ್ಟು ನನ್ನ ಮಾತು ಇನ್ಯಾರು ಕೇಳಿದ್ದಾರೆ?"

ಟೋಸ್ಟ್ ಅಲ್ಲಿ ಸಿಕ್ಕಿತು. ನುಡಿ ಅರ್ಧ ಹೇಳಿತ್ತು, ಇವರ ಬಾಳು ಮಿಕ್ಕ ಅರ್ಧ ಹೇಳಿತು. ನನ್ನ ಮಟ್ಟಿಗೆ ಒಳ್ಳೆಯ ನುಡಿ ಅಂದರೆ ಇದು. ಪೂರ್ತಿ ಒಪ್ಪುವ ನುಡಿಗಿಂತ, ಎಲ್ಲೋ ಒಂದು ಕಡೆ ಕೊರೆ ಬಿದ್ದು, ಆ ಕೊರೆಯನ್ನು ಈ ಇಬ್ಬರು ಮಾತ್ರ ತುಂಬಬಲ್ಲಂಥ ನುಡಿ ಉತ್ತಮ. ಆಗ ಟೋಸ್ಟ್ ಬೇರೆ ಯಾವ ಜೋಡಿಗೂ ಹೊಂದುವುದಿಲ್ಲ.

ಮಗಳು ಕೊನೆಗೆ ಆಡಿದ ಮಾತನ್ನು ಓದುತ್ತೇನೆ.

"ಎಲ್ಲರಿಗೂ ನಮಸ್ಕಾರ. ನಾನು ಇವರಿಬ್ಬರ ಮಗಳು. ಒಂದು ಸಣ್ಣ ವಿಷಯ ಹೇಳಿ ಕೂತುಬಿಡ್ತೀನಿ.

"ಅಪ್ಪನ ಮಂಡಿ ಆಪರೇಷನ್ ಆದಾಗ ದಿನಾ ನಡೀಬೇಕು ಅಂತ ಡಾಕ್ಟರ್ ಹೇಳಿದ್ರು. ಅಪ್ಪ ಎರಡು ಲೈಟ್ ಕಂಬ ದಾಟ್ತಾ ಇರಲಿಲ್ಲ. ಆಗ ಅಮ್ಮನೂ ಜೊತೆಗೆ ಹೊರಟಳು. ಹೋಗ್ತಾ ಒಂದು ಕಥೆ ಶುರು ಮಾಡೋದು, ಕಂಬ ಬಂದ ಕೂಡ್ಲೇ ನಿಲ್ಲಿಸೋದು. 'ಮಿಕ್ಕಿದ್ದು ಮುಂದಿನ ಕಂಬಕ್ಕೆ.' ಕಥೆಗೋಸ್ಕರ ಅಪ್ಪ ಮುಂದಿನ ಕಂಬಕ್ಕೆ ಹೋಗ್ತಿದ್ರು. ಅಲ್ಲಿಂದ ಅದರ ಮುಂದಿನದಕ್ಕೆ.

"ಎರಡು ಸಾವಿರ ವರ್ಷದ ಹಿಂದೆ ರೋಮ್‌ನಲ್ಲಿ ಒಬ್ಬ ನಾಟಕಕಾರ ಒಂದು ಮಾತು ಹೇಳಿದ್ದ. ಮಾತು ಬಲ್ಲ ಜೊತೆಗಾರ ಇದ್ದರೆ, ದಾರಿಯಲ್ಲಿ ಬಂಡಿ ಇದ್ದ ಹಾಗೆ.

"ಅಮ್ಮನ ವಿಷಯದಲ್ಲಿ ಅವನು ಹೇಳಿದ್ದು ಸರಿ. ಅಪ್ಪನನ್ನು ಅವನು ನೋಡಿರಲಿಲ್ಲ. ಅಮ್ಮನಿಗೆ ನಿನ್ನೆ ಕಥೆ ಎಲ್ಲಿಗೆ ನಿಂತಿತ್ತು ಅಂತ ಮರೆತುಹೋಗ್ತಿತ್ತು. ಅಪ್ಪನಿಗೆ ಮರೀತಿರಲಿಲ್ಲ. ಚಪ್ಪಲಿ ಹಾಕ್ಕೋತಾ ಕೇಳೋರು, 'ಆಮೇಲೆ ಏನಾಯ್ತು?' ಅಂತ. ತನ್ನ ಮಾತನ್ನು ಇಷ್ಟು ಗಮನ ಕೊಟ್ಟು ಇನ್ಯಾರೂ ಕೇಳಿಲ್ಲ ಅಂತ ಅಮ್ಮ ಮೊನ್ನೆ ನನ್ನ ಹತ್ತಿರ ಹೇಳಿದಳು.

"ಅಪ್ಪ, ನೀವು ಕೇಳ್ತಾ ಇರಿ. ಅಮ್ಮ, ನೀನು ಹೇಳ್ತಾ ಇರು. ಎಲ್ಲರೂ ಲೋಟ ಎತ್ತಿ. ಮುಂದಿನ ಕಂಬಕ್ಕೆ!"

ಎಲ್ಲರೂ "ಮುಂದಿನ ಕಂಬಕ್ಕೆ!" ಅಂದರು. ಗದ್ದಲದಲ್ಲೂ ಜನ ಒಟ್ಟಿಗೆ ಹೇಳಬಲ್ಲ ಎರಡು ಪದ ಅದು. ಕೊನೆಯ ಸಾಲು ಇಷ್ಟು ಚಿಕ್ಕದಿರಬೇಕು. ಉದ್ದದ ಹಾರೈಕೆ ಇಟ್ಟರೆ ಯಾವಾಗ ಲೋಟ ಎತ್ತಬೇಕು ಅಂತ ಜನಕ್ಕೆ ಗೊತ್ತಾಗುವುದಿಲ್ಲ. ಅರ್ಧ ಜನ ಎತ್ತಿರುತ್ತಾರೆ, ಅರ್ಧ ಜನ ಪಕ್ಕದವರನ್ನು ನೋಡುತ್ತಿರುತ್ತಾರೆ.

ನುಡಿ ಎಲ್ಲಿ ಬಂತು ನೋಡಿ. ಘಟನೆ ಮುಗಿದ ಮೇಲೆ ಬಂತು. ಮೊದಲೇ ಹೇಳಿದ್ದರೆ, ಕಂಬದ ಕಥೆ ಬರುವಾಗ ಜನ "ಓ, ಇದನ್ನೇ ಹೇಳೋಕೆ ಹೊರಟಿದ್ದಾರೆ" ಅಂತ ಮುಂಚೆಯೇ ತಿಳಿದುಬಿಡುತ್ತಿದ್ದರು. ಕಥೆ ಆದ ಮೇಲೆ ಬಂದಾಗ ಅವರೇ ಎರಡನ್ನೂ ಜೋಡಿಸಿಕೊಳ್ಳುತ್ತಾರೆ. ಹಾಗಾಗಿ ಮಗಳು ನುಡಿಯನ್ನು ಬಿಡಿಸಿ ಹೇಳಲಿಲ್ಲ. "ಇದರ ಅರ್ಥ ಏನೆಂದರೆ" ಅನ್ನುವ ವಾಕ್ಯ ಅವರ ಮೂರನೇ ಕರಡಿನಲ್ಲಿ ಇತ್ತು, ಅದನ್ನು ತೆಗೆಸಿದೆ. ನುಡಿ ಆಡಿದ ಮೇಲೆ ಮನಸ್ಸಿನಲ್ಲೇ ಎರಡು ಎಣಿಸಿ ಮುಂದೆ ಹೋಗಿ ಅಂದೆ. ನಾಟಕಕಾರನ ಹೆಸರನ್ನೂ ಬಿಟ್ಟರು. ಕೇಳಿದರೆ ಹೇಳಲು ಗೊತ್ತಿದ್ದರೆ ಸಾಕು. ಹಬ್ಬದ ಮನೆಯಲ್ಲಿ ಅಪರಿಚಿತ ಹೆಸರೊಂದು ಬಂದರೆ ಜನ ಅದರ ಹಿಂದೆ ಹೋಗುತ್ತಾರೆ.

ಅಮ್ಮನಿಗೆ "ನೀನು", ಅಪ್ಪನಿಗೆ "ನೀವು" ಅಂದದ್ದನ್ನೂ ಗಮನಿಸಿರಬಹುದು. ಅವರ ಮನೆಯಲ್ಲಿ ಹಾಗೇ. ವೇದಿಕೆ ಅಂತ ಇಬ್ಬರಿಗೂ "ತಾವು" ಅಂದಿದ್ದರೆ ಅದು ಮಗಳ ಮಾತಾಗಿ ಕೇಳುತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಹೇಗೆ ಕರೆಯುತ್ತೀರೋ ಹಾಗೇ ಕರೆಯಿರಿ.

ಈ ಟೋಸ್ಟ್ ನಿಧಾನವಾಗಿ ಆಡಿದರೂ ಎರಡು ನಿಮಿಷ ದಾಟುವುದಿಲ್ಲ. ಮೂರು ನಿಮಿಷ ಅಂತ ನಾನು ಗಡಿ ಹಾಕುವುದು ನಗು, ಚಪ್ಪಾಳೆ, ತಡವರಿಕೆ ಎಲ್ಲ ಸೇರಿಸಿ. ಮನಸ್ಸಿನಲ್ಲಿ ಓದಿ ಅಳೆಯಬೇಡಿ, ಮನಸ್ಸು ಓಡುತ್ತದೆ. ಜೋರಾಗಿ ಓದಿ, ನಿಂತುಕೊಂಡು ಓದಿ, ಗಡಿಯಾರ ನೋಡಿ.

ಜೋರಾಗಿ ಓದುವುದಕ್ಕೆ ಇನ್ನೊಂದು ಕಾರಣ ಇದೆ. ಗಂಟಲು ಎಲ್ಲಿ ಕಟ್ಟುತ್ತದೆ ಅಂತ ಆಗಲೇ ಗೊತ್ತಾಗುವುದು. ಮಗಳಿಗೆ "ಇನ್ಯಾರೂ ಕೇಳಿಲ್ಲ" ಅನ್ನುವಲ್ಲಿ ಪ್ರತಿ ಸಲ ದನಿ ಒಡೆಯುತ್ತಿತ್ತು. ಆ ಸಾಲು ತೆಗೆಯಬೇಕಾಗಿಲ್ಲ. ಅದರ ಮುಂದಿನ ಸಾಲು ಚಿಕ್ಕದಾಗಿ, ಸರಳವಾಗಿ ಇರಲಿ. "ಅಪ್ಪ, ನೀವು ಕೇಳ್ತಾ ಇರಿ" ಅನ್ನುವುದನ್ನು ನಡುಗುವ ದನಿಯಲ್ಲೂ ಹೇಳಿ ಮುಗಿಸಬಹುದು. ಅಲ್ಲಿ ಉದ್ದದ ವಾಕ್ಯ ಇದ್ದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಹಾಳೆಯನ್ನು ಕೈಯಲ್ಲಿ ಹಿಡಿಯಿರಿ, ದೊಡ್ಡ ಅಕ್ಷರದಲ್ಲಿ ಬರೆದಿರಲಿ. ಫೋನ್ ನೋಡಿ ಓದಿದರೆ ಪರದೆ ಆರಿಹೋಗುತ್ತದೆ, ಅದೂ ಬೇಡದ ಹೊತ್ತಿನಲ್ಲೇ. ಅಮ್ಮನ ವಿಷಯ ಹೇಳುವಾಗ ಅಪ್ಪನನ್ನು ನೋಡಿ, ಅಪ್ಪನ ವಿಷಯ ಹೇಳುವಾಗ ಅಮ್ಮನನ್ನು ನೋಡಿ. ತನ್ನ ಸಂಗಾತಿಯನ್ನು ಹೊಗಳಿದಾಗ ಅರಳುವ ಮುಖವನ್ನು ಎಲ್ಲರೂ ನೋಡುವಂತಾಗುತ್ತದೆ.

ಕಾಯಿಲೆ, ದುಡ್ಡಿನ ಕಷ್ಟ, ಜಗಳದ ವಿಷಯ ಇದ್ದರೆ ಮುಂಚೆಯೇ ಕೇಳಿ ಒಪ್ಪಿಗೆ ಪಡೆಯಿರಿ. ಮಂಡಿಯ ವಿಷಯ ಹೇಳಬಹುದಾ ಅಂತ ಮಗಳು ಅಪ್ಪನನ್ನು ಕೇಳಿದ್ದರು. ಕೇಳಿದರೆ ಸ್ವಾರಸ್ಯ ಹೋಗುತ್ತದೆ ಅನ್ನುವವರಿದ್ದಾರೆ. ಹೋಗುವುದಿಲ್ಲ. "ಮಂಡಿ ವಿಷಯ ಬರುತ್ತೆ" ಅಂತ ಮಾತ್ರ ಹೇಳಿ, ಹೇಗೆ ಬರುತ್ತದೆ ಅಂತ ಹೇಳಬೇಡಿ.

ಎಲ್ಲ ದಾಂಪತ್ಯವೂ ಹೀಗೆ ನಡೆದಿರುವುದಿಲ್ಲ ಅನ್ನುವುದೂ ನನಗೆ ಗೊತ್ತು. ವರ್ಷಗಟ್ಟಲೆ ಮಾತು ಕಡಿಮೆ ಇದ್ದ ಮನೆಗಳಿವೆ. ಅಲ್ಲಿ "ಆದರ್ಶ ದಂಪತಿ" ಅನ್ನಬೇಡಿ. ಅವರಿಬ್ಬರಿಗೂ ಸತ್ಯ ಗೊತ್ತು, ಎಲ್ಲರ ಮುಂದೆ ಅದನ್ನು ಕೇಳಿಸಿಕೊಂಡು ಕೂರುವುದು ಕಷ್ಟ. ಅಂಥ ಕಡೆ ನುಡಿಯನ್ನು ಇನ್ನೂ ಚಿಕ್ಕದು ಮಾಡಿ, ಘಟನೆಯನ್ನೂ ಚಿಕ್ಕದು ಮಾಡಿ. ನಿಜವಾಗಿ ನಡೆದ ಒಂದು ಜೊತೆಗಾರಿಕೆ ಸಾಕು. ಒಬ್ಬರು ಆಸ್ಪತ್ರೆಯಲ್ಲಿದ್ದಾಗ ಇನ್ನೊಬ್ಬರು ಕುರ್ಚಿಯಲ್ಲೇ ಮಲಗಿದ ರಾತ್ರಿ ಇರಬಹುದು. ನಡೆದಷ್ಟನ್ನೇ ಹೇಳಿದರೆ ಇಬ್ಬರೂ ತಲೆ ಎತ್ತಿ ಕೇಳುತ್ತಾರೆ.

ನನ್ನ ಈ ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬರು ಕೇಳಿದರು: "ನಾವು ಮೂವರು ಮಕ್ಕಳು, ಮೂವರಿಗೂ ಮಾತಾಡುವ ಆಸೆ. ಏನು ಮಾಡೋದು?" ಮೂರು ಟೋಸ್ಟ್ ಬೇಡ, ಅಂದೆ. ಮೂರನೆಯವರ ಹೊತ್ತಿಗೆ ಎಲ್ಲರ ಲೋಟ ಖಾಲಿಯಾಗಿರುತ್ತದೆ. ಒಂದೇ ಟೋಸ್ಟ್ ಮಾಡಿ, ಹಂಚಿಕೊಳ್ಳಿ. ಘಟನೆಯನ್ನು ಒಬ್ಬರು ಹೇಳಲಿ. ನುಡಿ ಮತ್ತು ಅದರ ತಿರುವು ಇನ್ನೊಬ್ಬರದು. ಮೂರನೆಯವರು ಲೋಟ ಎತ್ತಿಸಲಿ. ಯಾರಿಗೆ ಬೇಗ ಕಣ್ಣೀರು ಬರುತ್ತದೋ ಅವರಿಗೆ ಮೊದಲ ಭಾಗ ಕೊಡಿ.

ಇನ್ನೊಬ್ಬರ ಪ್ರಶ್ನೆ: "ಟೋಸ್ಟ್ ಆದ ಕೂಡಲೇ ಅಮ್ಮ ತಾನೂ ಮಾತಾಡ್ತೀನಿ ಅಂತ ಎದ್ದರೆ?" ಮೈಕ್ ಅವರ ಕೈಗೆ ಕೊಟ್ಟು ನೀವು ಕೂತುಕೊಳ್ಳಿ, ಅಂದೆ. ಆ ಮಗಳ ಮನೆಯಲ್ಲಿ ಎದ್ದು ನಿಂತದ್ದು ಅಪ್ಪ. ಅಮ್ಮ ಹೇಳಿದ ಕಥೆಗಳಲ್ಲಿ ಒಂದು ಇನ್ನೂ ಮುಗಿದಿಲ್ಲ ಅಂತ ಎಲ್ಲರ ಮುಂದೆ ದೂರು ಕೊಟ್ಟರಂತೆ.